40 ಕ್ವಿಂಟಲ್ ಮೆಣಸಿನಕಾಯಿಯನ್ನು ನಾಲ್ಕು ಸಲ ಕಳಿಸಿಕೊಡುವ ಬಗ್ಗೆ

ಮೈಸೂರು
22 ಏಪ್ರಿಲ್ 2026

ವೀರಣ್ಣನವರಿಗೆ ನಮಸ್ಕಾರ.

ಹೋದ ವಾರ ಫೋನಿನಲ್ಲಿ ಮಾತಾಡಿಕೊಂಡ ಹಾಗೆ 30 ಕ್ವಿಂಟಲ್ ಬ್ಯಾಡಗಿ ಕಡ್ಡಿ, 10 ಕ್ವಿಂಟಲ್ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ನಮಗೆ ಬೇಕೇ ಬೇಕು. ಅದರಲ್ಲಿ ಒಂದು ಕೆಜಿಯೂ ಕಡಿಮೆ ಮಾಡುತ್ತಿಲ್ಲ, ದರವೂ ಅದೇ. ಆದರೆ ಮಾಲನ್ನು ಒಂದೇ ಲಾರಿಯಲ್ಲಿ ಕಳಿಸದೆ ಎಂಟು ವಾರದ ಬಳಕೆಗೆ ಆಗುವ ಹಾಗೆ ನಾಲ್ಕು ಸಲ ಕಳಿಸಿಕೊಡಲು ಆಗುತ್ತದೆಯೇ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಕಾರಣ ಜಾಗದ್ದು. ಪುಡಿ ಮಾಡುವ ಹೊಸ ಯಂತ್ರ ಬರುತ್ತಿರುವುದರಿಂದ ಗೋದಾಮಿನ ಅರ್ಧ ಅದಕ್ಕೇ ಹೋಗುತ್ತದೆ. ಒಣಮೆಣಸಿನಕಾಯಿ ತೂಕ ಕಡಿಮೆ, ಜಾಗ ಜಾಸ್ತಿ ತಿನ್ನುತ್ತದೆ, ನಿಮಗೆ ಹೇಳಬೇಕಾದ್ದಿಲ್ಲ. ಉಳಿದ ಜಾಗದಲ್ಲಿ 12 ಕ್ವಿಂಟಲ್ ಇಟ್ಟರೆ ಓಡಾಡಲು ದಾರಿ ಉಳಿಯುತ್ತದೆ, ಅಷ್ಟೇ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈಯಲ್ಲೂ ವಾರಕ್ಕೆ ಐದಾರು ಕ್ವಿಂಟಲ್ ಮಾತ್ರ ಸಾಗುತ್ತದೆ. ಮಿಕ್ಕಿದ್ದು ಸುಮ್ನೆ ಬಿದ್ದಿರುತ್ತದೆ. ಜೂನ್ ಮಳೆ ಹಿಡಿದರೆ ಚೀಲ ತೇವ ಎಳೆದುಕೊಂಡು ಬೂಷ್ಟು ಬರುತ್ತದೆ, ಬಣ್ಣ ಇಳಿಯುತ್ತದೆ. ಬ್ಯಾಡಗಿ ಕಾಯಿಗೆ ನಾವು ಹಣ ಕೊಡುವುದೇ ಆ ಬಣ್ಣಕ್ಕೆ ಅಲ್ವಾ?

ನಾನು ಯೋಚಿಸಿರುವುದು ಹೀಗೆ. ಮೇ 5ಕ್ಕೆ 8 ಕ್ವಿಂಟಲ್ ಕಡ್ಡಿ, 4 ಕ್ವಿಂಟಲ್ ಡಬ್ಬಿ. ಮೇ 19ಕ್ಕೆ 8 ಕಡ್ಡಿ, 2 ಡಬ್ಬಿ. ಆಮೇಲೆ ಜೂನ್ 2 ಮತ್ತು ಜೂನ್ 16ಕ್ಕೆ ತಲಾ 7 ಕಡ್ಡಿ, 2 ಡಬ್ಬಿ. ನಾಲ್ಕೂ ಮಂಗಳವಾರ. ಆ ಕಡೆಯಿಂದ ಮೈಸೂರಿಗೆ ಬರುವ ಲಾರಿ ಒಂದೆರಡು ದಿನ ಹಿಂದೆ ಮುಂದೆ ಸಿಕ್ಕಿದರೆ ಅದರಲ್ಲೇ ಹಾಕಿ, ತೊಂದರೆಯಿಲ್ಲ. ಮೊದಲನೆಯ ಲೋಡ್ ಮಾತ್ರ ತಡವಾಗಬಾರದು. ನಮ್ಮಲ್ಲಿ ಡಬ್ಬಿ ಬಹುತೇಕ ಮುಗಿದಿದೆ, ಸಾರಿನ ಪುಡಿಗೆ ಅದು ಬೇಕೇ ಬೇಕು.

ಇದರಿಂದ ನಿಮಗೆ ಖರ್ಚು ಬೀಳುತ್ತದೆ ಎಂಬುದು ಗೊತ್ತಿದೆ. ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ. ಬಾಕಿ ಮಾಲಿಗೆ ಮೇ 5ರಿಂದ ಆಗುವ ಕೋಲ್ಡ್ ಸ್ಟೋರೇಜ್ ಬಾಡಿಗೆ ನಮ್ಮದು. ಒಂದೇ ಲಾರಿಗೆ ಆಗುತ್ತಿದ್ದ ಬಾಡಿಗೆಗಿಂತ ನಾಲ್ಕು ಸಲಕ್ಕೆ ಜಾಸ್ತಿ ಆಗುವ ಹಣ, ಹಮಾಲಿಯೂ ಸೇರಿ, ನಾವೇ ಕೊಡುತ್ತೇವೆ. ಪ್ರತಿ ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿ. ದರ ಮಾತ್ರ ನಾಲ್ಕು ಲೋಡಿಗೂ ಒಂದೇ ಇರಲಿ. ನಾಳೆ ಮಾರುಕಟ್ಟೆ ಇಳಿದರೆ ಕಡಿಮೆ ಮಾಡಿ ಎಂದು ನಾನು ಕೇಳುವುದಿಲ್ಲ. ಏರಿದರೆ ನೀವೂ ಕೇಳಬಾರದು.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. 40 ಕ್ವಿಂಟಲನ್ನೂ ಈಗಲೇ, ಆವಕ ಚೆನ್ನಾಗಿರುವಾಗಲೇ, ಒಂದೇ ಗುಣಮಟ್ಟ ನೋಡಿ ಖರೀದಿಸಿ ನಮ್ಮ ಹೆಸರಿನ ಗುರುತು ಹಾಕಿ ಇಡಿ. ಜೂನ್‌ನಲ್ಲಿ ಸಿಕ್ಕಿದ್ದನ್ನು ಕೊಂಡು ಕಳಿಸಿದರೆ ಒಂದು ತಿಂಗಳ ಪುಡಿ ಕೆಂಪಗೆ, ಇನ್ನೊಂದು ತಿಂಗಳದ್ದು ಮಂಕಾಗಿ ಬರುತ್ತದೆ. ಗಿರಾಕಿಗಳು ಪೊಟ್ಟಣ ಬಿಚ್ಚಿದ ಕೂಡಲೇ ಕಂಡುಹಿಡಿಯುತ್ತಾರೆ. ಎಲ್ಲ ಚೀಲಗಳಿಂದಲೂ ಸ್ವಲ್ಪ ಸ್ವಲ್ಪ ತೆಗೆದ ಎರಡು ಕೆಜಿ ಸ್ಯಾಂಪಲ್ ಮೊದಲನೆಯ ಲೋಡ್ ಜೊತೆ ಕಳಿಸಿ. ಮುಂದಿನ ಮೂರನ್ನೂ ಅದಕ್ಕೇ ಹೋಲಿಸಿ ನೋಡುತ್ತೇನೆ. ಬಿಳಿಗಾಯಿ ಜಾಸ್ತಿ ಕಂಡರೆ ಮಾಲು ಇಳಿಸಿದ ಎರಡು ದಿನದೊಳಗೆ ಫೋಟೋ ಸಮೇತ ತಿಳಿಸುತ್ತೇನೆ.

ಕೋಲ್ಡ್ ಸ್ಟೋರೇಜಿನಿಂದ ತೆಗೆದ ಚೀಲವನ್ನು ಹಾಗೇ ಲಾರಿಗೆ ಹಾಕಬೇಡಿ. ಒಂದು ದಿನ ನೆರಳಲ್ಲಿ ಇಟ್ಟು, ಮೇಲೆ ಕೂತ ನೀರು ಆರಿದ ಮೇಲೆ ತುಂಬಿಸಿ. ಕಾಯಿ ಒಡೆಯಬಾರದು ಎಂದು ನೀರು ಚಿಮುಕಿಸುವುದೂ ಬೇಡ. ಸ್ವಲ್ಪ ಪುಡಿಯಾದರೆ ಆಗಲಿ, ಹೇಗೂ ಪುಡಿ ಮಾಡುವವರೇ ನಾವು. ತೇವಾಂಶ ಶೇ 11ರೊಳಗೆ ಇರಬೇಕು. ಜೂನ್‌ನ ಎರಡೂ ಲೋಡಿಗೆ ಟಾರ್ಪಾಲ್ ಎರಡು ಪದರ ಇರಲಿ. ತೊಟ್ಟು ಬಿಡಿಸದೆಯೇ ಕಳಿಸಿ, ಕಾಯಿ ತಡೆಯುತ್ತದೆ.

ಬಿಲ್ಲನ್ನು 40 ಕ್ವಿಂಟಲಿಗೆ ಒಟ್ಟಿಗೆ ಮಾಡದೆ ಆಯಾ ಲೋಡಿಗೆ ಬೇರೆ ಜಿಎಸ್‌ಟಿ ಬಿಲ್, ಬೇರೆ ಇ-ವೇ ಬಿಲ್, ತೂಕದ ಚೀಟಿ ಮಾಡಿ. ದಾರಿಯಲ್ಲಿ ಲಾರಿ ನಿಲ್ಲಿಸಿ ಕೇಳಿದರೆ ಮಾಲಿಗೂ ಕಾಗದಕ್ಕೂ ತಾಳೆಯಾಗಬೇಕು. ನೀವು ಒಪ್ಪಿದ ದಿನವೇ ಒಟ್ಟು ಮೊತ್ತದ ಶೇ 20 ಮುಂಗಡ ಹಾಕುತ್ತೇವೆ, ನೀವು ಮಾಲು ಹಿಡಿದಿಡಲು ಆಗುತ್ತದೆ. ಅದನ್ನು ಕೊನೆಯ ಲೋಡಿನ ಲೆಕ್ಕದಲ್ಲಿ ಹಿಡಿದುಕೊಳ್ಳಿ. ಮೊದಲ ಮೂರು ಲೋಡಿನ ಹಣ ಮಾಲು ತಲುಪಿದ ಏಳು ದಿನದೊಳಗೆ ಪೂರ್ತಿ ನಿಮ್ಮ ಖಾತೆಗೆ ಬರುತ್ತದೆ.

ನಾಲ್ಕು ಸಲ ಕಷ್ಟ, ಮೂರು ಸಲ ಆಗಬಹುದು ಎಂದರೆ ಹಾಗೂ ನೋಡೋಣ. ಆದರೆ ಒಂದು ಲೋಡು 14 ಕ್ವಿಂಟಲ್ ದಾಟಿದರೆ ನಮ್ಮಲ್ಲಿ ಇಳಿಸಲು ಜಾಗವಿಲ್ಲ. ಏಪ್ರಿಲ್ 27ರ ಸೋಮವಾರದೊಳಗೆ ನಿಮ್ಮ ಅಭಿಪ್ರಾಯ, ಕೋಲ್ಡ್ ಸ್ಟೋರೇಜಿನ ತಿಂಗಳ ಬಾಡಿಗೆ, ಮೊದಲ ಲಾರಿಯ ಅಂದಾಜು ಖರ್ಚು ಮೂರನ್ನೂ ವಾಟ್ಸಾಪಿನಲ್ಲಿ ಬರೆದು ಕಳಿಸಿ. ಅದೇ ದಿನ ಮುಂಗಡ ಹಾಕಿಸುತ್ತೇನೆ.

ಇಂತಿ,
ಸುಜಾತಾ
ಮಸಾಲೆ ಪುಡಿ ಘಟಕ, ಮೈಸೂರು