ಈ ವಾರ ನಾನು ಏನೆಲ್ಲ ಕಲಿತೆ?

ಒಂದನೇ ತರಗತಿ, ಮಲ್ಪೆ • ಜುಲೈ ತಿಂಗಳ ಎರಡನೇ ಶನಿವಾರ

ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ನಾನು ಒಂದೊಂದೇ ಸಾಲು ಓದುತ್ತೇನೆ. ನಿಮಗೆ ಯಾವ ಮುಖ ಸರಿ ಅನ್ನಿಸುತ್ತದೋ ಅದರ ಸುತ್ತ ಗೋಲ ಹಾಕಿ.

😊 ನನಗೆ ಚೆನ್ನಾಗಿ ಬರುತ್ತದೆ
😐 ಸ್ವಲ್ಪ ಸ್ವಲ್ಪ ಬರುತ್ತದೆ
🙁 ಇನ್ನೂ ಬರುವುದಿಲ್ಲ, ಟೀಚರ್ ಮತ್ತೆ ಹೇಳಿಕೊಡಬೇಕು

🙁 ಹಾಕಿದರೆ ಯಾರೂ ಬೈಯುವುದಿಲ್ಲ. ಅದನ್ನು ನೋಡಿದರೇ ಅಲ್ವಾ, ಸೋಮವಾರ ಏನು ಹೇಳಿಕೊಡಬೇಕು ಅಂತ ನನಗೆ ಗೊತ್ತಾಗುವುದು? ಪಕ್ಕದವರ ಹಾಳೆ ನೋಡುವುದು ಬೇಡ. ಅದು ಅವರ ಮುಖ, ಇದು ನಿಮ್ಮ ಮುಖ.

ಅಕ್ಷರ

ಜ, ವ, ಮ, ಬ, ನ: ಐದನ್ನೂ ನೋಡಿ ಓದುತ್ತೇನೆ.
😊 😐 🙁

ವ ಯಾವುದು, ಮ ಯಾವುದು ಅಂತ ನನಗೆ ಗೊತ್ತು. (ಮರಳಿನ ತಟ್ಟೆಯಲ್ಲಿ ಬೆರಳಿಂದ ಬರೆದದ್ದು ನೆನಪಿದೆಯಾ? ವ ಬರೆದು ಬಲಗಡೆ ಬಾಲ ತಿರುಗಿಸಿದರೆ ಮ ಆಯಿತು.)
😊 😐 🙁

ಮರ, ದನ, ಜನ, ಬನ: ಈ ಪದಗಳನ್ನು ಒಬ್ಬನೇ, ಒಬ್ಬಳೇ ಓದುತ್ತೇನೆ.
😊 😐 🙁

ಲೆಕ್ಕ

5 ಮರುವಾಯಿ ಚಿಪ್ಪಿಗೆ ಇನ್ನೂ 2 ಸೇರಿಸಿ, ಒಟ್ಟು ಎಷ್ಟು ಅಂತ ಎಣಿಸಿ ಹೇಳುತ್ತೇನೆ.
😊 😐 🙁

7 ಚಿಪ್ಪಿನಿಂದ 3 ತೆಗೆದರೆ ಎಷ್ಟು ಉಳಿಯುತ್ತದೆ ಅಂತ ಹೇಳುತ್ತೇನೆ.
😊 😐 🙁

ನಮ್ಮ ಊರು, ನಮ್ಮ ಮಳೆ

ಈಗ ಬೋಟುಗಳೆಲ್ಲ ಬಂದರಿನಲ್ಲಿ ಯಾಕೆ ನಿಂತಿವೆ ಅಂತ ನನಗೆ ಗೊತ್ತು. (ಜೂನ್, ಜುಲೈ ಮೀನು ಮೊಟ್ಟೆ ಇಡುವ ಸಮಯ. ಕಡಲಲ್ಲಿ ಗಾಳಿಯೂ ಜಾಸ್ತಿ.)
😊 😐 🙁

ನಾನು ಮತ್ತು ಗೆಳೆಯರು

ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆದೆ.
😊 😐 🙁

ಕೊಡೆ ತರದವರನ್ನು ನನ್ನ ಕೊಡೆಯೊಳಗೆ ಕರೆದುಕೊಂಡೆ.
😊 😐 🙁

ಗೊತ್ತಾಗದಿದ್ದಾಗ ಕೈ ಎತ್ತಿ ಕೇಳಿದೆ. ತುಳುವಿನಲ್ಲಿ ಕೇಳಿದರೂ, ಕೊಂಕಣಿ, ಬ್ಯಾರಿಯಲ್ಲಿ ಕೇಳಿದರೂ ಸರಿ. ಕೇಳಿದ್ದೇ ದೊಡ್ಡದು.
😊 😐 🙁

ಈಗ ಚಿತ್ರ

ಹಾಳೆ ತಿರುಗಿಸಿ. ಈ ವಾರ ನಿಮಗೆ ತುಂಬ ಖುಷಿ ಕೊಟ್ಟದ್ದು ಯಾವುದು? ಕಪ್ಪೆಯ ಆಟವಾ, ಕಾಗದದ ದೋಣಿಯಾ, ಚಿಪ್ಪಾ? ಅದರ ಚಿತ್ರ ಬಿಡಿಸಿ. ಪುಚ್ಚೆ ಬಿಡಿಸಬೇಕು ಅನ್ನಿಸಿದರೆ ಪುಚ್ಚೆಯನ್ನೇ ಬಿಡಿಸಿ, ಆದರೆ ಯಾಕೆ ಅಂತ ನನಗೆ ಹೇಳಬೇಕು. ಚಿತ್ರದ ಕೆಳಗೆ ನಿಮ್ಮ ಹೆಸರು ಬರೆಯಿರಿ. ಹೆಸರಿನ ಮೊದಲನೇ ಅಕ್ಷರ ಮಾತ್ರ ಬಂದರೂ ಸಾಕು.

ಮನೆಯವರಿಗೆ

ಅಮ್ಮ, ಅಪ್ಪ, ಅಜ್ಜಿ, ಯಾರಾದರೂ ಸರಿ, ಹತ್ತು ನಿಮಿಷ ಮಗುವಿನ ಪಕ್ಕ ಕುಳಿತು ಈ ಹಾಳೆ ನೋಡಿ. 🙁 ಕಂಡರೆ "ಯಾಕೆ ಬರಲಿಲ್ಲ?" ಅಂತ ಕೇಳಬೇಡಿ. "ಇದರಲ್ಲಿ ಯಾವುದು ಕಷ್ಟ ಆಯಿತು, ತೋರಿಸು" ಅನ್ನಿ. ಮಗು ಹಾಕಿದ ಗೋಲವನ್ನು ದಯವಿಟ್ಟು ಅಳಿಸಿ ತಿದ್ದಬೇಡಿ. ಎಲ್ಲ 😊 ಇರುವ ಹಾಳೆಗಿಂತ, ಮಗು ತಾನೇ ಯೋಚಿಸಿ ಹಾಕಿದ ಒಂದು 😐 ನನಗೆ ಜಾಸ್ತಿ ಸಹಾಯ ಮಾಡುತ್ತದೆ. ಸೋಮವಾರ ಹಾಳೆಯನ್ನು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು ಕಳಿಸಿ. ಮಳೆಗೆ ಬ್ಯಾಗು ಒದ್ದೆಯಾದರೆ ಚಿತ್ರ ಹಾಳಾಗುತ್ತದೆ.