ನೀವು ಬಾವಿಗಳ ಕೆಲಸಕ್ಕೆ ಸೇರಿದಿರಂತೆ

ಗಿರೀಶ್ ಅವರಿಗೆ ನಮಸ್ಕಾರ,

ನಾನು ವಸಂತಾ, ಮುಳಬಾಗಿಲು ಶಾಖೆಯಲ್ಲಿ ನಿಮ್ಮ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವಳು. ಈಗ ಸಾಗರದಲ್ಲಿದ್ದೇನೆ. ಮೊನ್ನೆ ತರಬೇತಿಗೆಂದು ಶಿವಮೊಗ್ಗಕ್ಕೆ ಹೋದಾಗ ನಮ್ಮ ಹಳೆಯ ಕ್ಯಾಷಿಯರ್ ಸಿಕ್ಕಿದ್ದರು. ನೀವು ಬ್ಯಾಂಕ್ ಬಿಟ್ಟು, ಕೋಲಾರದ ಹಳ್ಳಿಗಳಲ್ಲಿ ಹಳೆಯ ತೆರೆದ ಬಾವಿ, ಕಲ್ಯಾಣಿಗಳ ಹೂಳೆತ್ತಿಸುವ ಸಂಸ್ಥೆಗೆ ಸೇರಿದ್ದೀರೆಂದು ಅವರು ಹೇಳಿದರು. ಬಸ್ಸಿನಲ್ಲಿ ಊರು ಸೇರುವವರೆಗೂ ಅದೇ ಸಂತೋಷದಲ್ಲಿದ್ದೆ.

ನಂಗಲಿ ಕಡೆಯ ಆ ಹೊಲ ನಿಮಗೂ ನೆನಪಿರಬೇಕು. ಮೂರನೆಯ ಕೊಳವೆಬಾವಿ, 1,300 ಅಡಿ ಕೊರೆಸಿದರೂ ಬಂದದ್ದು ಬರಿಯ ಬೂದು ಧೂಳು. ಪಾಯಿಂಟ್ ಗುರುತಿಸಿದಾಗ ಒಡೆದಿದ್ದ ತೆಂಗಿನಕಾಯಿಯ ಹೋಳು ಕೇಸಿಂಗ್ ಪೈಪಿನ ಪಕ್ಕದಲ್ಲೇ ಒಣಗುತ್ತಿತ್ತು. ಹೊಲದ ಮೂಲೆಯಲ್ಲಿ ಆ ರೈತರ ತಾತ ತೋಡಿಸಿದ್ದ ಕಲ್ಲುಕಟ್ಟಡದ ಬಾವಿ, ಅರ್ಧ ಕಸ, ಅರ್ಧ ಲಂಟಾನ. ಶಾಖೆಗೆ ಮರಳಿದ ಮೇಲೆ ನೀವು ಊಟದ ಡಬ್ಬಿ ತೆರೆಯಲಿಲ್ಲ. "ಸಾಲ ಕೊಟ್ಟವರೂ ನಾವೇ, ಆ ಬಾವಿಯತ್ತ ನೋಡದೆ ಬಂದವರೂ ನಾವೇ" ಎಂದಿರಿ. ನೀವು ಈ ಕೆಲಸಕ್ಕೆ ಹೊರಟದ್ದು ಆ ದಿನವೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

2021ರ ಯುಗಾದಿಗೆ ನೀವು ಬರೆದಿದ್ದಿರಿ, ನಾನು ಉತ್ತರಿಸಲಿಲ್ಲ. ಅದು ಅಪ್ಪನ ಕಾಯಿಲೆಯ ವರ್ಷ. ಆಮೇಲೆ ಇಷ್ಟು ತಡವಾಗಿ ಏನೆಂದು ಬರೆಯುವುದು ಎಂಬ ಸಂಕೋಚದಲ್ಲೇ ವರ್ಷಗಳು ಕಳೆದವು. ಕ್ಷಮಿಸಿ.

ಇಲ್ಲಿ ಆಷಾಢದಲ್ಲಿ ಅಂಗಳದಲ್ಲೇ ನೀರು ಹರಿಯುತ್ತದೆ. ಆದರೂ ಮಾರ್ಚ್ ಬಂತೆಂದರೆ ಅಡಿಕೆ ತೋಟಕ್ಕೆ ಕೊಳವೆಬಾವಿ ಸಾಲ ಕೇಳಿಕೊಂಡು ಬರುತ್ತಾರೆ. "ಮನೆಯ ಬಾವಿ ಏನಾಯಿತು?" ಎಂದು ಮೊದಲು ಕೇಳುತ್ತೇನೆ. ಆ ಅಭ್ಯಾಸ ನಿಮ್ಮಿಂದ ಬಂದದ್ದು.

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ನಾವು ಎಷ್ಟು ವಾದ ಮಾಡಿದ್ದೆವು! ಒಣಗಿದ ಬಾವಿಗಳಿಗೆ ಜೀವ ಬರುತ್ತದೆ ಎಂದವರು ನೀವು. ಬೆಂಗಳೂರಿನ ಕೊಳಚೆಯನ್ನು ಎರಡೇ ಹಂತ ಶುದ್ಧೀಕರಿಸಿ ಬಿಟ್ಟರೆ ಕುಡಿಯುವ ಬಾವಿಗಳ ಗತಿಯೇನು ಎಂದವಳು ನಾನು. ಈಗ ದಿನವೂ ಬಾವಿಗಳನ್ನು ನೋಡುತ್ತಿರುವ ನಿಮಗೆ ಏನನ್ನಿಸುತ್ತದೆ? ನಾನು ತಪ್ಪಾಗಿದ್ದರೆ ಅದನ್ನೂ ಕೇಳುವ ಆಸೆಯಿದೆ. ಹೂಳು ತೆಗೆದ ಬಾವಿಯಲ್ಲಿ ಏಪ್ರಿಲ್‌ವರೆಗೆ ನೀರು ನಿಲ್ಲುತ್ತದೆಯೇ? ಕೆರೆಯ ತೂಬು ನೋಡಿಕೊಳ್ಳುವ ನೀರಗಂಟಿಗಳು ಯಾವ ಊರಿನಲ್ಲಾದರೂ ಉಳಿದಿದ್ದಾರೆಯೇ? ಸಂಬಳ, ಓಡಾಟ, ಮನೆಯವರ ಒಪ್ಪಿಗೆ, ಇವೆಲ್ಲ ಹೇಗಾಯಿತು ಎಂಬುದನ್ನೂ ತಿಳಿಸಿ; ಅಷ್ಟು ವರ್ಷದ ನೌಕರಿ ಬಿಡುವುದು ಸುಲಭವಾಗಿರಲಾರದು.

ಬಿಡುವಾದಾಗ ನಾಲ್ಕು ಸಾಲು ಬರೆಯಿರಿ, ಇಲ್ಲವೇ ಯಾವುದಾದರೂ ಭಾನುವಾರ ಬೆಳಿಗ್ಗೆ ಫೋನ್ ಮಾಡಿ, ನಂಬರ್ ಹಳೆಯದೇ. ಮೇ ತಿಂಗಳಿನಲ್ಲಿ ಅಮ್ಮನನ್ನು ನೋಡಲು ಶ್ರೀನಿವಾಸಪುರಕ್ಕೆ ಬರುತ್ತೇನೆ. ನೀವು ಇಳಿದು ನೋಡಿದ ಒಂದು ಬಾವಿಯನ್ನು ನನಗೂ ತೋರಿಸುತ್ತೀರಾ?

ವಿಶ್ವಾಸದಿಂದ,
ವಸಂತಾ