ಫೋನ್ ಬಂದ್ರೆ ಗಾಬರಿ ಆಗ್ಬೇಡಿ

ಎಲ್ರಿಗೂ ನಮಸ್ಕಾರ ಅಕ್ಕಂದಿರೇ. ಉಳಿತಾಯದ ಲೆಕ್ಕ ಬರೆಯೋಕ್ ಮುಂಚೆ ಐದು ನಿಮಿಷ ನಾನ್ ಹೇಳೋದು ಕೇಳಿ.

ಈಗೀಗ ಒಂದು ಕಾಲ್ ಬರ್ತಿದೆ, "ಮೇಡಂ, ಸಂಘದ ಸಬ್ಸಿಡಿ ಬಂದಿದೆ, ಒಂದು ರಿಕ್ವೆಸ್ಟ್ ಕಳಿಸಿದೀನಿ, ಪಿನ್ ಹಾಕಿ ದುಡ್ಡು ತಗೊಳ್ಳಿ" ಅಂತ ಎಷ್ಟು ಮರ್ಯಾದೆಯಾಗಿ ಮಾತಾಡ್ತಾರೆ ಅಂದ್ರೆ ನಂಬ್ದೆ ಇರೋಕೇ ಆಗಲ್ಲ. ನೋಡಿ, ಯುಪಿಐ ಪಿನ್ ಬೇಕಾಗೋದು ದುಡ್ಡು ಕೊಡೋಕೆ, ತಗೊಳ್ಳೋಕೆ ಅಲ್ಲ. ಪಿನ್ ಒತ್ತಿದ್ರೋ, ದುಡ್ಡು ನಿಮ್ಮ ಖಾತೆಯಿಂದ್ಲೇ ಹೋಗುತ್ತೆ.

ಇನ್ನೊಂದು, ಕೊರಿಯರ್ನೋರು ಅಂತ ಹೇಳಿ *401* ಒತ್ತಿ ಆಮೇಲೆ ಈ ನಂಬರ್ ಹಾಕಿ ಅಂತಾರೆ. ಹಾಕ್ಬೇಡಿ! ನಿಮ್ಗೆ ಬರೋ ಕಾಲೆಲ್ಲಾ ಅವ್ರಿಗೆ ಹೋಗುತ್ತೆ, ಓಟಿಪಿನೂ ಅವ್ರೇ ಕೇಳಿಸ್ಕೊಂಡು ನಿಮ್ಮ ವಾಟ್ಸಾಪ್ ತಗೊಂಡ್ಬಿಡ್ತಾರೆ. ಅದಕ್ಕೇ ವಾಟ್ಸಾಪ್ ಸೆಟ್ಟಿಂಗ್ಸಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಗೊತ್ತಾಗ್ದೆ ಇದ್ರೆ ಮೀಟಿಂಗ್ ಆದ್ಮೇಲೆ ಫೋನ್ ತಗೊಂಡ್ ಬನ್ನಿ, ಸವಿತಾನೂ ನಾನೂ ಮಾಡ್ಕೊಡ್ತೀವಿ, ಆದ್ರೆ ಅದಕ್ಕೆ ಹಾಕೋ ಪಿನ್ನು ನಮ್ಗೂ ತೋರಿಸ್ದೆ ನೀವೇ ಒತ್ಬೇಕು.

ವಿಡಿಯೋ ಕಾಲಲ್ಲಿ ಪೊಲೀಸ್ ಡ್ರೆಸ್ ಹಾಕ್ಕೊಂಡು "ಡಿಜಿಟಲ್ ಅರೆಸ್ಟ್" ಅಂದ್ರೆ ಕಟ್ ಮಾಡಿ, ಅಂಥ ಅರೆಸ್ಟ್ ಕಾನೂನಲ್ಲೇ ಇಲ್ಲ.

ಅಕಸ್ಮಾತ್ ದುಡ್ಡು ಹೋದ್ರೆ, ಮನೇಲಿ ಬೈತಾರೆ ಅಂತ ಮುಚ್ಚಿಡ್ಬೇಡಿ ಮಾರಾಯ್ರೆ, ಕಳ್ಳರಿಗೆ ಬೇಕಾಗಿರೋದೂ ಅದೇ. ತಕ್ಷಣ ಸೈಬರ್ ಕ್ರೈಮ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಬೇಗ ಹೇಳಿದಷ್ಟೂ ದುಡ್ಡು ತಡೆಯೋ ಚಾನ್ಸ್ ಜಾಸ್ತಿ. ಈಗ್ಲೇ 1930 ಸೇವ್ ಮಾಡ್ಕೊಳ್ಳಿ, ಆಮೇಲೆ ಪಾಸ್‌ಬುಕ್ ತೆಗೀರಿ.